ಒಂದು ರೂಪಾಯಿ ಬಡ್ಡಿ ಎಂಬ ಸುಳ್ಳು

ನನ್ನ ತಮ್ಮ 2021ರಲ್ಲಿ ಆಟೋ ತೆಗೆದುಕೊಂಡ. ಕೈಯಲ್ಲಿದ್ದುದನ್ನು ಡೌನ್ ಪೇಮೆಂಟ್ ಕಟ್ಟಿ, ಉಳಿದ 2,40,000 ರೂಪಾಯಿಗೆ ಒಂದು ಫೈನಾನ್ಸಿನವರ ಬಳಿ ಹೋದ. ಏಜೆಂಟ್ ಅಂದ: "ಬರೀ ಒಂದು ರೂಪಾಯಿ ಬಡ್ಡಿ ಅಣ್ಣಾ. ನಾಲ್ಕು ವರ್ಷ, ತಿಂಗಳಿಗೆ 7,400." ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ, ಅಂದರೆ ವರ್ಷಕ್ಕೆ ಶೇ 12. ನಮ್ಮೂರಲ್ಲಿ ಕೈಸಾಲ ಕೊಡುವವರೂ ಇಷ್ಟು ಕಡಿಮೆಗೆ ಕೊಡುವುದಿಲ್ಲ. ಅವನು ಹತ್ತಾರು ಕಡೆ ಸಹಿ ಹಾಕಿ ಬಂದ.

ಎರಡು ವರ್ಷ ಒಂದು ಕಂತೂ ತಪ್ಪಲಿಲ್ಲ. ಜ್ವರ ಬಂದ ದಿನವೂ ಗಾಡಿ ಓಡಿಸಿದ. ಕಟ್ಟಿದ್ದು 1,77,600 ರೂಪಾಯಿ. ಅಷ್ಟರಲ್ಲಿ ಚೀಟಿ ದುಡ್ಡು ಕೈಗೆ ಬಂತು, ಸಾಲ ಮುಗಿಸಿಬಿಡೋಣ ಅಂದ. ಅವನ ಲೆಕ್ಕ ಸರಳ: ಏಜೆಂಟ್ ಹೇಳಿದ ಪ್ರಕಾರ ಕಂತಿನಲ್ಲಿ ಬಡ್ಡಿ 2,400, ಅಸಲು 5,000. ಇಪ್ಪತ್ತನಾಲ್ಕು ಕಂತಿಗೆ ಅಸಲು ಅರ್ಧ ತೀರಿದೆ, ಇನ್ನು ಉಳಿದದ್ದು 1,20,000. ಅಷ್ಟನ್ನು ಎಣಿಸಿಕೊಂಡು ನಾವಿಬ್ಬರೂ ಆಫೀಸಿಗೆ ಹೋದೆವು.

ಅವರು ಕಂಪ್ಯೂಟರ್ ನೋಡಿ ಹೇಳಿದ್ದು 1,44,347. ಅದರ ಮೇಲೆ ಮುಂಚೆ ಮುಗಿಸುವ ಚಾರ್ಜು ಬೇರೆ. ನಾನು ಜಗಳವಾಡಿ ಕಂತಿನ ಪಟ್ಟಿ ತೆಗೆಸಿದೆ. ಮೊದಲ ಸಾಲಿನಲ್ಲೇ ಮೋಸ ಕೂತಿತ್ತು. ಮೊದಲ ತಿಂಗಳ 7,400ರಲ್ಲಿ ಬಡ್ಡಿ 4,151, ಅಸಲು 3,249. ಎರಡು ವರ್ಷದಲ್ಲಿ ಬಡ್ಡಿಗೆ ಹೋದದ್ದು ಸುಮಾರು 82 ಸಾವಿರ, ಅಸಲಿಗೆ ಜಮೆಯಾದದ್ದು 96 ಸಾವಿರಕ್ಕೂ ಕಡಿಮೆ.

ಇದು ನಡೆಯುವ ಬಗೆ ಹೀಗೆ. ಸಾಲ ಕೊಡುವಾಗ ಫ್ಲ್ಯಾಟ್ ಲೆಕ್ಕ: ಪೂರ್ತಿ 2,40,000ಕ್ಕೆ ನಾಲ್ಕೂ ವರ್ಷ ಶೇ 12ರಂತೆ 1,15,200 ಬಡ್ಡಿ ಹಾಕುತ್ತಾರೆ, ಒಟ್ಟು 3,55,200ನ್ನು 48ರಿಂದ ಭಾಗಿಸುತ್ತಾರೆ. ನೀನು ತಿಂಗಳು ತಿಂಗಳು ಅಸಲು ತೀರಿಸುತ್ತಿದ್ದರೂ, ತೀರಿಸಿದ ಅಸಲಿಗೂ ಬಡ್ಡಿ ಕಟ್ಟುತ್ತಲೇ ಇರುತ್ತೀಯ. ಸಾಲ ಮುಗಿಸಲು ಬಂದಾಗ ಮಾತ್ರ ಅದೇ ಕಂತನ್ನು ಉಳಿದ ಅಸಲಿನ ಮೇಲಿನ ಬಡ್ಡಿಯಾಗಿ ಬಿಡಿಸುತ್ತಾರೆ. ಆ ಲೆಕ್ಕದಲ್ಲಿ ದರ ವರ್ಷಕ್ಕೆ ಶೇ 20.75. ಒಂದು ರೂಪಾಯಿ ಬಡ್ಡಿ ಅಂದವರು ವಸೂಲು ಮಾಡಿದ್ದು ಒಂದೂ ಮುಕ್ಕಾಲು ರೂಪಾಯಿಯ ಹತ್ತಿರ ಹತ್ತಿರ. ಉಳಿದ ಅಸಲಿಗೆ ಮಾತ್ರ ನಿಜವಾಗಿ ಶೇ 12 ಹಾಕಿದ್ದರೆ ಕಂತು 6,320 ಆಗುತ್ತಿತ್ತು, ನಾಲ್ಕು ವರ್ಷದ ಬಡ್ಡಿ 63 ಸಾವಿರದ ಆಸುಪಾಸು. ಆ ಒಂದು ಮಾತಿನ ಬೆಲೆ 51 ಸಾವಿರಕ್ಕೂ ಹೆಚ್ಚು. ಅದು ನನ್ನ ತಮ್ಮನ ಏಳು ತಿಂಗಳ ಕಂತು.

ಕೊಡುವಾಗ ಒಂದು ಲೆಕ್ಕ, ಮುಗಿಸುವಾಗ ಇನ್ನೊಂದು ಲೆಕ್ಕ. ಎರಡರಲ್ಲೂ ಸೋಲುವವನು ಗಾಡಿ ಓಡಿಸುವವನೇ. ಇದನ್ನು ವ್ಯಾಪಾರ ಅಂತ ಕರೆಯಲು ನಾನು ಒಪ್ಪುವುದಿಲ್ಲ.

ಇಂಥ ಗಾಡಿ ಸಾಲದ ಹಳೆಯ ರೂಪ ಹೈರ್ ಪರ್ಚೇಸ್. ಅಂದರೆ ಕೊನೆಯ ಕಂತಿನವರೆಗೂ ಗಾಡಿ ಅವರದು, ನೀನು ಬಾಡಿಗೆದಾರ. ಈಗ ಕಾಗದಕ್ಕೆ ಬೇರೆ ಹೆಸರಿಟ್ಟರೂ ಆರ್‌ಸಿಯಲ್ಲಿ ಅವರ ಹೆಸರು ಕೂತೇ ಇರುತ್ತದೆ. ಎರಡು ಮೂರು ಕಂತು ತಪ್ಪಿದರೆ ರಾತ್ರೋರಾತ್ರಿ ಗಾಡಿ ಎತ್ತಿಕೊಂಡು ಹೋಗುತ್ತಾರೆ. ಇದಕ್ಕೆ ಲಗಾಮು ಹಾಕಲು ಸಂಸತ್ತು 1972ರಲ್ಲೇ ಹೈರ್ ಪರ್ಚೇಸ್ ಕಾಯ್ದೆ ಮಾಡಿತ್ತು. ಬೆಲೆಯ ಇಷ್ಟು ಪಾಲು ಕಟ್ಟಿದ ಮೇಲೆ ಕೋರ್ಟಿಗೆ ಹೋಗದೆ ಗಾಡಿ ಕಸಿಯುವಂತಿಲ್ಲ ಅಂತ ಅದರಲ್ಲಿ ಬರೆದಿತ್ತು. ಆ ಕಾಯ್ದೆ ಒಂದು ದಿನವೂ ಜಾರಿಗೆ ಬರಲಿಲ್ಲ. 2005ರಲ್ಲಿ ಅದನ್ನು ರದ್ದು ಮಾಡಿದರು. ದುಡಿಯುವವನ ಪರವಾಗಿ ಬರೆದ ಕಾಯ್ದೆಯನ್ನು ಮೂವತ್ತು ವರ್ಷ ಕಪಾಟಿನಲ್ಲಿಟ್ಟು ಕೊಂದರು.

2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಗಳಿಗೆ ರಿಸರ್ವ್ ಬ್ಯಾಂಕಿನ ನಿಯಮವಿದೆ. ಚಾರ್ಜುಗಳನ್ನೂ ಸೇರಿಸಿದ ನಿಜವಾದ ವಾರ್ಷಿಕ ದರ ಮತ್ತು ಕಂತಿನ ಪಟ್ಟಿಯನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಅದು ಕೈಗೆ ಬರುವವರೆಗೆ ಸಹಿ ಹಾಕಬೇಡಿ. ಕನ್ನಡದಲ್ಲೇ ಕೊಡಿ ಅನ್ನಿ. ಪಟ್ಟಿಯ ಮೊದಲ ಸಾಲು ನೋಡಿ: ಒಂದು ರೂಪಾಯಿ ಬಡ್ಡಿ ಅನ್ನುವುದು ನಿಜವಾಗಿದ್ದರೆ, 2,40,000ಕ್ಕೆ ಮೊದಲ ತಿಂಗಳ ಬಡ್ಡಿ 2,400 ದಾಟಕೂಡದು. ದಾಟಿದ್ದರೆ ನಿಮ್ಮೆದುರು ಕೂತವನು ಸುಳ್ಳು ಹೇಳುತ್ತಿದ್ದಾನೆ. ಅದನ್ನು ಅವನ ಮುಖಕ್ಕೇ ಹೇಳಿ.

ನನ್ನ ತಮ್ಮನಿಗೆ ಹೇಳುವವರು ಯಾರೂ ಇರಲಿಲ್ಲ. ಅವತ್ತು ಹಿಂದಿರುಗುವಾಗ 1,20,000 ಅವನ ಅಂಗಿಯೊಳಗೇ ಇತ್ತು. ಮೀಟರ್ ಹಾಕದೆ ನನ್ನನ್ನು ಮನೆಗೆ ಬಿಟ್ಟು, ಇಪ್ಪತ್ತೈದನೆಯ ಕಂತು ದುಡಿಯಲು ಸ್ಟ್ಯಾಂಡಿಗೆ ಹೋದ.