ಕಾರ್ಯದರ್ಶಿಯ ಓಲೆ



ಚಂದ್ರಾ ಲೇಔಟಿನ ನಮ್ಮ ಚಿಕ್ಕ ಕ್ಲಬ್ಬಿಗೆ ಈ ನಿವೃತ್ತ ಉಪಾಧ್ಯಾಯನೇ ಕಾರ್ಯದರ್ಶಿ. ಕೇರಮ್, ಚದುರಂಗ, ಸಾಯಂಕಾಲದ ಹರಟೆ, ಇಷ್ಟೇ ಅಲ್ಲಿನ ಕಾರ್ಯಕಲಾಪ. ಸದಸ್ಯರಿಗೆ ಸಮಾಚಾರ ತಿಳಿಸಲೆಂದು ಒಂದು ವಾಟ್ಸಾಪ್ ಗುಂಪನ್ನೂ ಇಟ್ಟುಕೊಂಡಿದ್ದೇವೆ. ಕಳೆದ ತಿಂಗಳು ಅದರಲ್ಲಿ, ಮಕ್ಕಳನ್ನು ಅಪಹರಿಸುವವರು ಬಟ್ಟೆಯ ಗಂಟು ಹೊತ್ತು ಬೀದಿಬೀದಿ ಅಲೆಯುತ್ತಿದ್ದಾರೆಂಬ ವಾರ್ತೆ ಬಂದಿತು. ಮರುದಿನ ದುಪ್ಪಟಿ ಮಾರಲು ಬಂದವನೊಬ್ಬನನ್ನು ನಮ್ಮವರೇ ಹತ್ತು ಮಂದಿ ಸುತ್ತುಗಟ್ಟಿದರು. ಒಬ್ಬನ ಕೈ ಅವನ ಕೊರಳಪಟ್ಟಿಯವರೆಗೂ ಹೋಗಿತ್ತು. ಎದುರುಮನೆಯ ಗೃಹಿಣಿ ಹೊರಗೆ ಬಂದು, “ಅಯ್ಯೋ, ನಾಲ್ಕು ವರ್ಷದಿಂದ ನಮಗೆ ದುಪ್ಪಟಿ ಕೊಡುತ್ತಿರುವವನಪ್ಪಾ ಇವನು!” ಎಂದು ಕೂಗಿಕೊಂಡದ್ದರಿಂದ ಅವನು ಪಾರಾದನು. ವಾರ್ತೆ ಹಾಕಿದ ಮಹನೀಯರನ್ನು ವಿಚಾರಿಸಲಾಗಿ, ಭಾವಮೈದುನನಿಂದ ಬಂದಿತೆಂದರು. ಆತನಿಗೆ ಆಫೀಸಿನ ಸ್ನೇಹಿತನಿಂದ ಬಂದಿತ್ತಂತೆ. ಕಣ್ಣಾರೆ ಕಂಡವರು ಯಾರೂ ಇಲ್ಲ.

ಆ ರಾತ್ರಿ ನಾನು ಸದಸ್ಯರಿಗೆ ಬರೆದ ಓಲೆಯನ್ನು ಇಲ್ಲಿ ಕೊಡುತ್ತೇನೆ.

“ಮಾನ್ಯ ಸದಸ್ಯರಲ್ಲಿ ವಿಜ್ಞಾಪನೆ. 2018ನೆಯ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯಲ್ಲಿ ನಡೆದುದನ್ನು ತಾವು ಮರೆತಿರಲಾರಿರಿ. ಕಾರಿನಲ್ಲಿ ಹೋಗುತ್ತಿದ್ದ ಸ್ನೇಹಿತರು ಹಳ್ಳಿಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಸಂಶಯ ಹುಟ್ಟಿತು. ಅವರ ಕಾರಿಗಿಂತ ಮೊದಲೇ ವಾಟ್ಸಾಪ್ ಸುದ್ದಿ ಮುಂದಿನ ಮುರ್ಕಿ ಗ್ರಾಮವನ್ನು ತಲಪಿತು. ಅಲ್ಲಿ ದಾರಿಗಟ್ಟಿದ ಗುಂಪಿನ ಹೊಡೆತಕ್ಕೆ ಒಬ್ಬ ತರುಣನು ಪ್ರಾಣಬಿಟ್ಟನು. ಆ ಕಾಲದಲ್ಲಿ ದೇಶವೆಲ್ಲ ಹರಿದಾಡಿದ ಒಂದು ಚಲಚ್ಚಿತ್ರದಲ್ಲಿ ಮೋಟಾರು ಸೈಕಲ್ಲಿನವರು ಮಗುವನ್ನೆತ್ತಿಕೊಂಡು ಹೋಗುವುದು ಕಾಣುತ್ತಿತ್ತು. ಅದು ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಬಗೆಗೆ ಎಚ್ಚರಿಸಲು ತೆಗೆದದ್ದು. ಮಗುವನ್ನು ಹಿಂದಕ್ಕೆ ತಂದೊಪ್ಪಿಸುವ ಕಡೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಕಣ್ಣಿಗೆ ಕಂಡದ್ದು ಸುಳ್ಳಲ್ಲ. ದೇಶ ಬೇರೆ, ಉದ್ದೇಶ ಬೇರೆ.

ಆದಕಾರಣ ಇನ್ನು ಮುಂದೆ, ಮೇಲ್ಗಡೆ ಜೋಡಿ ಬಾಣದ ಗುರುತೂ Forwarded many times ಎಂಬ ಮಾತೂ ಇರುವ ಸಂದೇಶವನ್ನು ಗುಂಪಿನಲ್ಲಿ ಹಾಕಕೂಡದು. ಮೂಲದಿಂದ ಐದು ಕೈಯಾದರೂ ದಾಟಿ ಬಂದದ್ದಕ್ಕೆ ಆ ಗುರುತು ಬೀಳುತ್ತದೆ. ಅಂಥದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸಲು ಸಾಧ್ಯವಾಗುವಂತೆ 2020ರಿಂದ ಕಂಪೆನಿಯವರೇ ಕಟ್ಟುಮಾಡಿರುವರು. ಆದರೆ ಗುರುತಿಲ್ಲವೆಂದ ಮಾತ್ರಕ್ಕೆ ನಂಬತಕ್ಕದ್ದಲ್ಲ. ಅದು ಎಷ್ಟು ಕೈ ದಾಟಿತೆಂಬುದನ್ನು ಹೇಳುತ್ತದೆಯೇ ಹೊರತು ದಿಟವೋ ಸಟೆಯೋ ಎಂಬುದನ್ನಲ್ಲ. ಬರೆವಣಿಗೆಯನ್ನು ನಕಲು ಮಾಡಿ ಹೊಸದಾಗಿ ಅಂಟಿಸಿದರೆ ಬಾಣವೇ ಮಾಯವಾಗುತ್ತದೆ. ಮೊನ್ನೆ ನಮ್ಮಲ್ಲಿಗೆ ಬಂದದ್ದೂ ಹಾಗೆಯೇ.

ಎಚ್ಚರಿಕೆಯ ಸುದ್ದಿಯನ್ನು ಹಾಕಲೇಬೇಕಾದರೆ ಯಾವ ಊರು, ಯಾವ ದಿನ, ಕಂಡವರು ಯಾರು ಎಂಬ ಮೂರನ್ನೂ ತಮ್ಮ ಸ್ವಂತ ಮಾತಿನಲ್ಲಿ ಬರೆಯತಕ್ಕದ್ದು. ಮೊನ್ನೆಯ ವಾರ್ತೆಯಲ್ಲಿ ‘ನಿನ್ನೆ’ ಎಂದಿತ್ತು. ಯಾವ ನಿನ್ನೆ? ‘ಪೊಲೀಸರ ಪ್ರಕಟಣೆ’ ಎಂದಿತ್ತು. ಠಾಣೆಯ ಹೆಸರಿರಲಿಲ್ಲ. ಈ ಮೂರನ್ನು ತುಂಬಲು ಕುಳಿತರೆ ಬಹಳ ಸುದ್ದಿಗಳು ತಾವಾಗಿಯೇ ನಿಂತುಹೋಗುವುವು. ನಿಜವಾದ ಅಪಾಯವೇ ಕಣ್ಣೆದುರಿಗಿದ್ದರೆ ಮೊದಲು 112ಕ್ಕೆ ಕರೆಮಾಡಿರಿ. ಗುಂಪು ಆಮೇಲೆ.

ತಪ್ಪು ಹಾಕಿದವರು ಅದನ್ನು ಅಳಿಸಿ ಸುಮ್ಮನಾಗಬಾರದು. ಎಲ್ಲರಿಗೂ ಕಾಣದಂತೆ ಅಳಿಸುವುದಕ್ಕೆ ಸುಮಾರು ಎರಡು ದಿನಗಳ ಅವಕಾಶವುಂಟು. ಆದರೆ ಅಷ್ಟರಲ್ಲಿ ಬೇರೆಡೆಗೆ ಕಳುಹಿಸಿದವರ ಪ್ರತಿಗಳು ಅಳಿಯುವುದಿಲ್ಲ, ಓದಿದವರ ಮನಸ್ಸಿನದಂತೂ ಅಳಿಯಲೇ ಅಳಿಯದು. ಅದುದರಿಂದ ‘ನಾನು ಹಾಕಿದ್ದು ಸುಳ್ಳೆಂದು ತಿಳಿಯಿತು’ ಎಂಬೊಂದು ಸಾಲನ್ನು ಅದೇ ಗುಂಪಿನಲ್ಲಿ ಬರೆಯತಕ್ಕದ್ದು. ಅಂಥವರನ್ನು ಹಾಸ್ಯಮಾಡಿದವರನ್ನು ಒಂದು ವಾರ ಗುಂಪಿನಿಂದ ಹೊರಗಿಡಲಾಗುವುದು.

ಶುಭೋದಯದ ಚಿತ್ರಗಳೂ ಇಂದಿಗೆ ಸಾಕು. ಹೂವು ದೀಪಗಳ ರಾಶಿಯಲ್ಲಿ ಹಿರಿಯ ಸದಸ್ಯರೊಬ್ಬರ ಮರಣವಾರ್ತೆ ಮುಳುಗಿಹೋಗಿ, ನಮ್ಮಲ್ಲಿ ಅನೇಕರು ಅಂತ್ಯದರ್ಶನಕ್ಕೆ ತಪ್ಪಿದೆವು.”

ಓಲೆಗೆ ಬಹಳ ಮಂದಿ ಒಪ್ಪಿದರು. ವಾರ್ತೆ ಹಾಕಿದ ಮಹನೀಯರು ತಾವೇ ಆ ಒಂದು ಸಾಲನ್ನು ಬರೆದರು. ಅದಕ್ಕೆಷ್ಟು ಧೈರ್ಯ ಬೇಕೆಂಬುದನ್ನು ನಾನು ಬಲ್ಲೆ. ಆದರೆ ಕಡೆಯ ನಿಯಮಕ್ಕೆ ಎಪ್ಪತ್ತೆಂಟರ ವೃದ್ಧರೊಬ್ಬರು ಆಕ್ಷೇಪಿಸಿದರು. ಹೆಂಡತಿ ತೀರಿಕೊಂಡ ಮೇಲೆ ಅವರು ಒಂಟಿ. ಮಗನು ಪರದೇಶದಲ್ಲಿರುವನು. “ಮೇಷ್ಟ್ರೇ, ಬೆಳಗ್ಗೆ ಐದೂವರೆಗೆ ನಾನು ಹಾಕುವ ಶುಭೋದಯವನ್ನು ಕಂಡೇ ಪಕ್ಕದ ಮನೆಯವರು ನಾನು ಬದುಕಿದ್ದೇನೆಂದು ತಿಳಿಯುವುದು. ಆಷಾಢದಲ್ಲಿ ಜ್ವರ ಬಂದು ಅದು ತಪ್ಪಿದಾಗ ಅವರೇ ಬಾಗಿಲು ತಟ್ಟಿದರು,” ಎಂದರು.

ನಾನು ನಿರುತ್ತರನಾದೆ. ಮರುದಿನವೇ ತಿದ್ದುಪಡಿ ಹೊರಡಿಸಿದೆ: ಒಂಟಿಯಾಗಿರುವ ಸದಸ್ಯರು ದಿನಕ್ಕೊಂದು ಸಾಲು, ಚಿತ್ರವಿಲ್ಲದೆ, ಬೆಳಗ್ಗೆ ಏಳರೊಳಗೆ ಹಾಕಬಹುದು. ಏಳಾದರೂ ಬಾರದಿದ್ದರೆ ಅವರ ಮನೆಗೆ ಹೋಗಿ ನೋಡತಕ್ಕವರು ಯಾರೆಂಬುದನ್ನೂ ಹೆಸರು ಹಿಡಿದು ಬರೆದಿದ್ದೇನೆ. ಆ ವೃದ್ಧರ ಪಾಲಿಗೆ ನಾನೇ ಬಿದ್ದಿದ್ದೇನೆ.