‘ವಿಶೇಷ ಏನೂ ಇಲ್ವಾ?’ ಅಂದರೆ ಉತ್ತರ ಕೊಡಬೇಕಾದವನು ಗಂಡ

ಮದುವೆ ಮನೆಯ ಊಟದ ಸಾಲು. ಎಲೆಗೆ ಇನ್ನೂ ಅನ್ನ ಬಿದ್ದಿಲ್ಲ. ಎದುರು ಸಾಲಿನಿಂದ ಸೋದರತ್ತೆ ಗಟ್ಟಿಯಾಗಿ ಕೇಳುತ್ತಾರೆ: ‘ಏನಮ್ಮಾ, ನಾಲ್ಕು ವರ್ಷ ಆಯ್ತಲ್ಲ, ವಿಶೇಷ ಏನೂ ಇಲ್ವಾ?’ ಅಕ್ಕಪಕ್ಕದ ಎಲೆಯವರು ತಲೆ ಎತ್ತುತ್ತಾರೆ. ಕೋಸಂಬರಿ ಬಡಿಸುತ್ತಿದ್ದ ಹುಡುಗನೂ ಒಂದು ಗಳಿಗೆ ನಿಲ್ಲುತ್ತಾನೆ. ಆ ಹೆಣ್ಣುಮಗಳು ನಗುವ ಹಾಗೆ ಮಾಡುತ್ತಾಳೆ. ಪಕ್ಕದಲ್ಲೇ ಕೂತಿರುವ ಗಂಡ ಎಲೆಯ ತುದಿಯ ಉಪ್ಪಿನಕಾಯಿಯನ್ನೇ ನೋಡುತ್ತಾನೆ.

ಕೇಳಿದವರು ಅವನ ಅತ್ತೆ. ಪ್ರಶ್ನೆ ಇಬ್ಬರಿಗೂ ಸೇರಿದ್ದು. ಉತ್ತರ ಕೊಡಬೇಕಾದವಳು ಮಾತ್ರ ಅವಳು! ನಮ್ಮ ತಕರಾರು ಇರುವುದು ಇಲ್ಲೇ.

ಸಂಬಳ ಎಷ್ಟು, ಮದುವೆ ಯಾವಾಗ ಅನ್ನುವ ಪ್ರಶ್ನೆಗಳು ನಮ್ಮ ಬಳಗದಲ್ಲಿ ಎಲ್ಲರಿಗೂ ಬಿದ್ದಿವೆ. ಅವೂ ಕಿರಿಕಿರಿಯೇ. ಆದರೆ ಸಂಬಳ ಕೇಳಿದರೆ ‘ಜೀವನಕ್ಕೆ ಸಾಕಾಗುತ್ತೆ ಮಾವ’ ಅಂದು ತಪ್ಪಿಸಿಕೊಳ್ಳಬಹುದು. ಮದುವೆ ಕೇಳಿದರೆ ‘ನೀವೇ ಹುಡುಕಿ’ ಅಂದು ನಗಬಹುದು. ಮಗುವಿನ ಪ್ರಶ್ನೆಗೆ ಹಾಗೆ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಅದು ಹೆಣ್ಣಿನ ಮೈಯ ಬಗ್ಗೆ, ಗಂಡ ಹೆಂಡತಿಯ ಕೋಣೆಯ ಬಗ್ಗೆ, ನಲವತ್ತು ಜನರ ಮುಂದೆ ಕೇಳುವ ಪ್ರಶ್ನೆ. ಅದಕ್ಕೇ ಇವತ್ತು ಅದೊಂದನ್ನೇ ಹಿಡಿದು ಮಾತಾಡುತ್ತೇವೆ.

ನಮ್ಮ ಗೆಳತಿಯೊಬ್ಬಳ ಕಥೆ ಇದು. ಅವಳೇ ಬರೆಯಿರಿ ಅಂದಳು. ಹೆಸರು, ಊರು ಬೇಡ ಅಂದಳು. ಮದುವೆಯಾಗಿ ಎರಡು ವರ್ಷವಾಗುವ ಹೊತ್ತಿಗೆ ಪ್ರಶ್ನೆ ಶುರುವಾಯಿತು. ಮೊದಲು ‘ವಿಶೇಷ ಇಲ್ವಾ?’ ಆಮೇಲೆ ‘ತೋರಿಸಿಕೊಂಡ್ಯಾ?’ ಆಮೇಲೆ ಸಲಹೆಗಳು. ಒಬ್ಬರು ಹರಕೆ ಹೇಳಿದರು, ಒಬ್ಬರು ನಾಟಿ ಔಷಧಿ ಕೊಡುವವರ ಊರು ಹೇಳಿದರು, ಇನ್ನೊಬ್ಬರು ಅವಳ ತವರಿನ ಕಡೆ ಯಾರಿಗಾದರೂ ಹೀಗಿತ್ತಾ ಅಂತ ವಿಚಾರಿಸಿದರು. ಮೂರು ತಿಂಗಳು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಕಷಾಯ ಕುಡಿದಳು. ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಅಂತ ಪೇಟೆಗೆ ಬಸ್ಸು ಹತ್ತಿದಳು. ಎಲ್ಲ ಕಡೆಗೂ ಹೋದವಳು ಅವಳೊಬ್ಬಳೇ. ನಾದಿನಿಯ ಸೀಮಂತದ ದಿನ ಅರಿಶಿನ ಕುಂಕುಮ ಹಚ್ಚಲು ಎಲ್ಲರನ್ನೂ ಕರೆದರು, ಇವಳನ್ನು ಒಲೆಯ ಮೇಲಿನ ಪಾಯಸ ನೋಡಿಕೋ ಅಂದರು. ಯಾರೂ ಬೈಯಲಿಲ್ಲ. ಬೈಯುವ ಅಗತ್ಯವೇ ಇರಲಿಲ್ಲ.

ನಾಲ್ಕನೇ ವರ್ಷದಲ್ಲಿ ಡಾಕ್ಟರೊಬ್ಬರು ಅವಳ ಫೈಲು ತಿರುವಿ ಹಾಕಿ ಕೇಳಿದರು: ‘ಯಜಮಾನರ ರಿಪೋರ್ಟ್ ಎಲ್ಲಮ್ಮಾ?’ ಇರಲಿಲ್ಲ. ಎರಡು ವರ್ಷದಲ್ಲಿ ಯಾರೂ ಅವನನ್ನು ಒಂದು ಪರೀಕ್ಷೆಗೂ ಕಳಿಸಿರಲಿಲ್ಲ. ಮಾಡಿಸಿದಾಗ ವೀರ್ಯಾಣುಗಳ ಸಂಖ್ಯೆ ಕಡಿಮೆ ಬಂತು. ಒಂದೇ ಸಲದ ರಿಪೋರ್ಟ್ ನಂಬಬಾರದು ಅಂತ ಸುಮಾರು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದರು. ಆಗಲೂ ಕಡಿಮೆಯೇ.

ಇಲ್ಲಿ ಸ್ವಲ್ಪ ನಿಂತು ನೋಡೋಣ. ಒಂದು ವರ್ಷ ಯಾವ ತಡೆಯೂ ಇಲ್ಲದೆ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ತೋರಿಸಿಕೊಳ್ಳಿ ಅನ್ನುತ್ತದೆ ವೈದ್ಯಶಾಸ್ತ್ರ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ. ತೋರಿಸಿಕೊಳ್ಳುವುದು ಅಂದರೆ ಇಬ್ಬರೂ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಡೆಯ ಕಾರಣವೂ ಇರುತ್ತದೆ, ಅದೊಂದೇ ಇರಬಹುದು ಅಥವಾ ಹೆಣ್ಣಿನ ಕಡೆಯದರ ಜೊತೆಗೆ ಸೇರಿರಬಹುದು. ಗಂಡಿನ ಪರೀಕ್ಷೆಗೆ ಸೂಜಿ ಇಲ್ಲ, ಸ್ಕ್ಯಾನಿಂಗ್ ಇಲ್ಲ. ಎರಡರಿಂದ ಏಳು ದಿನ ಸಂಯಮದಿಂದಿದ್ದು ಲ್ಯಾಬಿನಲ್ಲಿ ಒಂದು ಸಣ್ಣ ಡಬ್ಬಿಯಲ್ಲಿ ವೀರ್ಯ ಕೊಟ್ಟರೆ ಮುಗಿಯಿತು. ಹೆಣ್ಣಿನ ಪರೀಕ್ಷೆಗಳ ಪಕ್ಕದಲ್ಲಿಟ್ಟರೆ ಸುಲಭದ್ದೂ ಅದೇ, ಅಗ್ಗದ್ದೂ ಅದೇ. ಶುರುವಿನಲ್ಲೇ ಆಗಬೇಕಾದ ಈ ಪರೀಕ್ಷೆ ನಮ್ಮ ಊರುಗಳಲ್ಲಿ ಕೊನೆಗೆ ಬರುತ್ತದೆ. ಯಾಕೆ? ಪ್ರಶ್ನೆ ಮೊದಲಿನಿಂದಲೂ ಅವಳ ಕಡೆಗೇ ತಿರುಗಿರುತ್ತದೆ. ಊಟದ ಸಾಲಿನಲ್ಲಿ ಯಾರನ್ನು ಕೇಳುತ್ತಾರೋ ಅವರೇ ಆಸ್ಪತ್ರೆಯ ಸಾಲಿನಲ್ಲೂ ನಿಲ್ಲುತ್ತಾರೆ. ಅತ್ತೆಯ ಆ ಒಂದು ಮಾತು ಗೆಳತಿಯ ಎರಡು ವರ್ಷ ನುಂಗಿತು ಅಂತ ನಾವು ಹೇಳುವುದು ಇದಕ್ಕೇ.

‘ಕಾಳಜಿಯಿಂದ ಕೇಳ್ತೀವಪ್ಪ, ನಮ್ಮವರು ಅಂತ ತಾನೇ?’ ಅನ್ನುವವರಿದ್ದಾರೆ. ಅವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಒಪ್ಪುತ್ತೇವೆ. ಆದರೆ ಕಾಳಜಿಯಿಂದ ಕೇಳುವವರನ್ನೂ ನಾವು ನೋಡಿದ್ದೇವೆ. ಊರಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಮುಟ್ಟಿನ ತಾರೀಖನ್ನೇ ಕೇಳುತ್ತಾರೆ. ಒಳಗೆ ಕರೆದು ಮೆಲ್ಲಗೆ ಕೇಳುತ್ತಾರೆ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಅದರಿಂದ ಮುಂದೆ ಏನಾದರೂ ಕೆಲಸ ಆಗುತ್ತದೆ. ಅದೇ ಮಾತನ್ನು ಚಪ್ಪರದಡಿ ಕೂಗಿ ಕೇಳಿ, ಉತ್ತರವನ್ನು ಪಕ್ಕದ ಸಾಲಿಗೆ ದಾಟಿಸಿ, ಮುಂದಿನ ಮದುವೆಯಲ್ಲಿ ಮತ್ತೆ ಅಲ್ಲಿಂದಲೇ ಶುರು ಮಾಡುವುದು ಕಾಳಜಿ ಹೇಗಾಗುತ್ತದೆ? ಒಬ್ಬರೇ ಇದ್ದಾಗ ಕೇಳಿದರಾ, ಬೇಡ ಅಂದಾಗ ನಿಲ್ಲಿಸಿದರಾ ಅಂತ ನೋಡಿ. ಎರಡಕ್ಕೂ ಹೌದು ಅಂತಿದ್ದರೆ ಅವರ ಹತ್ತಿರ ಮನಸ್ಸು ಬಿಚ್ಚಬಹುದು. ಇಲ್ಲವೆಂದರೆ ಅದು ಸುದ್ದಿಯ ಹಸಿವು.

ಗೆಳತಿಯ ಮನೆಯಲ್ಲಿ ರಿಪೋರ್ಟ್ ಬಂದ ಮೇಲೂ ಮೊದಲು ಬದಲಾದದ್ದು ಏನೂ ಇಲ್ಲ. ಗಂಡನ ಮಾನ ಹೋಗಬಾರದು ಅಂತ ಅವಳು ಬಾಯಿ ಬಿಡಲಿಲ್ಲ. ಮುಂದಿನ ಹಬ್ಬದಲ್ಲೂ ಪ್ರಶ್ನೆ ಅವಳಿಗೇ ಬಿತ್ತು. ಆ ರಾತ್ರಿ ಅವಳು ಗಂಡನಿಗೆ ಒಂದೇ ಮಾತು ಹೇಳಿದಳು: ‘ರಿಪೋರ್ಟ್ ಯಾರಿಗೂ ಹೇಳಬೇಡ. ಆದ್ರೆ ನಿನ್ನ ಕಡೆಯವರು ಕೇಳಿದಾಗ ಬಾಯಿ ನೀನು ಬಿಡು.’

ಅವರು ಮಾಡಿಕೊಂಡ ಒಪ್ಪಂದ ಸರಳವಾದದ್ದು. ಯಾರ ಕಡೆಯ ನೆಂಟರು ಕೇಳುತ್ತಾರೋ ಅವರಿಗೆ ಆ ಕಡೆಯವರೇ ಉತ್ತರ ಕೊಡಬೇಕು. ಸೊಸೆ ಹೇಳಿದರೆ ‘ಎದುರು ಮಾತಾಡ್ತಾಳೆ’ ಆಗುತ್ತದೆ. ಅದೇ ಮಾತನ್ನು ತಾನು ಎತ್ತಿ ಆಡಿಸಿದ ಹುಡುಗ ಹೇಳಿದರೆ ಅತ್ತೆಗೆ ಬೇಜಾರಾದರೂ ಕೇಳಿಸಿಕೊಳ್ಳಲೇಬೇಕು. ಎರಡನೆಯದು, ಕಾರಣ ಕೊಡಬಾರದು. ‘ಇನ್ನೊಂದು ವರ್ಷ ಬೇಡ ಅಂತಿದ್ದೀವಿ’ ಅಂದರೆ ಸರಿಯಾಗಿ ಒಂದು ವರ್ಷಕ್ಕೆ ಲೆಕ್ಕ ಕೇಳಲು ಬರುತ್ತಾರೆ. ‘ತೋರಿಸ್ತಾ ಇದ್ದೀವಿ’ ಅಂದರೆ ಯಾವ ಡಾಕ್ಟರು, ಏನು ತೊಂದರೆ, ಯಾರಿಗೆ ತೊಂದರೆ ಅಂತ ಮಾತು ಬೆಳೆಯುತ್ತದೆ. ಪ್ರತಿ ಕಾರಣವೂ ಮುಂದಿನ ಪ್ರಶ್ನೆಗೆ ಬಾಗಿಲು.

ಮೂರು ತಿಂಗಳ ನಂತರ ಒಂದು ಗೃಹಪ್ರವೇಶ. ಅದೇ ಅತ್ತೆ, ಅದೇ ಪ್ರಶ್ನೆ. ಈ ಸಲ ಗಂಡ ಹೇಳಿದ: ‘ಅತ್ತೆ, ಅದು ನಮ್ಮಿಬ್ಬರ ವಿಷಯ. ಸುದ್ದಿ ಇದ್ದಾಗ ನಾನೇ ಫೋನ್ ಮಾಡ್ತೀನಿ. ನಿಮ್ಮ ಮಂಡಿನೋವು ಈಗ ಹೇಗಿದೆ?’ ಅತ್ತೆ ಬಿಡಲಿಲ್ಲ: ‘ನಾನೇನು ಹೊರಗಿನವಳೇನೋ?’ ಅವನು ದನಿ ಏರಿಸಲಿಲ್ಲ, ಹೊಸದೇನನ್ನೂ ಸೇರಿಸಲಿಲ್ಲ. ‘ಹೊರಗಿನವರಲ್ಲ ಅತ್ತೆ. ಅದಕ್ಕೇ ಮೊದಲು ನಿಮಗೇ ಹೇಳ್ತೀನಿ ಅಂದೆ. ಈಗ ಈ ಮಾತು ಬೇಡ.’ ಮೂರನೇ ಸಲ ಕೇಳಿದಾಗ ಇಬ್ಬರೂ ಎದ್ದು ಕೈ ತೊಳೆಯಲು ಹೋದರು.

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಅತ್ತೆ ಮುನಿಸಿಕೊಂಡರು. ಆ ವರ್ಷ ಗೌರಿ ಹಬ್ಬಕ್ಕೆ ಬರಲಿಲ್ಲ. ಅವನ ತಾಯಿಗೆ ಫೋನ್ ಮಾಡಿ ‘ನಿನ್ನ ಮಗನಿಗೆ ಹೆಂಡ್ತಿ ಕಲಿಸಿಕೊಟ್ಟವಳೆ’ ಅಂದರು. ನೇರವಾಗಿ ಸಿಗದ ಉತ್ತರಕ್ಕೆ ಜನ ಮನೆಯ ಹಿರಿಯರ ಮೂಲಕ ಬರುತ್ತಾರೆ. ಇದು ಮೊದಲೇ ಗೊತ್ತಿರಬೇಕು. ಹಾಗಾಗಿ ಅವನು ತಾಯಿಯ ಹತ್ತಿರವೂ ಕೂತು ಮಾತಾಡಿದ. ರಿಪೋರ್ಟಿನ ಮಾತು ಎತ್ತಲಿಲ್ಲ. ‘ಯಾರು ಕೇಳಿದ್ರೂ ನನ್ನನ್ನೇ ಕೇಳಿ ಅನ್ನವ್ವ’ ಅಂದ. ತಾಯಿಗೆ ಅದು ಒಗ್ಗಲು ಆರು ತಿಂಗಳು ಬೇಕಾಯಿತು. ಆದರೆ ಗೆಳತಿ ಈಗ ಮದುವೆ ಊಟಕ್ಕೆ ಹೋಗುತ್ತಾಳೆ. ನಡುವೆ ಒಂದು ವರ್ಷ ಅದನ್ನೇ ಬಿಟ್ಟಿದ್ದಳು.

ಎಲ್ಲರ ಮನೆಯಲ್ಲೂ ಇಂಥ ಗಂಡ ಇರುವುದಿಲ್ಲ. ಕೆಲವು ಮನೆಗಳಲ್ಲಿ ಪ್ರಶ್ನೆ ಹೊರಗಿನ ಅತ್ತೆಯದಲ್ಲ, ಒಳಗಿನವರ ದಿನದ ಚುಚ್ಚುಮಾತು. ಅಂಥವರಿಗೆ ಒಂದು ವಿಷಯ ಗೊತ್ತಿರಲಿ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ ಮಾತಿನ ಹಿಂಸೆಯನ್ನೂ ಹಿಂಸೆ ಅಂತಲೇ ಲೆಕ್ಕ ಹಿಡಿಯುತ್ತದೆ. ಮಗು ಆಗಲಿಲ್ಲ, ಗಂಡು ಮಗು ಆಗಲಿಲ್ಲ ಅಂತ ಹೀಯಾಳಿಸುವುದನ್ನು ಅದರ ಮೂರನೇ ಸೆಕ್ಷನ್ನಿನಲ್ಲಿ ಬಿಡಿಸಿ ಹೇಳಿದೆ. ಈ ಕಾಯ್ದೆ ಒಂದೇ ಮನೆಯಲ್ಲಿ ಬಾಳುವ ಅಥವಾ ಬಾಳಿದ ಸಂಬಂಧದವರಿಗೆ ಅನ್ವಯಿಸುತ್ತದೆ. ಮದುವೆ ಮನೆಯಲ್ಲಿ ಸಿಗುವ ದೂರದ ನೆಂಟರಿಗಲ್ಲ. 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ನಾವು ಸಿಡಿಪಿಒ ಅನ್ನುವವರು, ಈ ಕಾಯ್ದೆಯಡಿ ರಕ್ಷಣಾಧಿಕಾರಿಯೂ ಹೌದು. ಅಂಗನವಾಡಿ ಟೀಚರಿಗೆ ಅವರ ಕಚೇರಿ ಎಲ್ಲಿದೆ ಅಂತ ಗೊತ್ತಿರುತ್ತದೆ.

ಹುಲಿಕಲ್ಲು ಕುದೂರು ನಡುವಿನ ರಸ್ತೆಯ ಆಲದ ಮರಗಳು ನಮಗೆಲ್ಲ ಗೊತ್ತು. ಸಾಲುಮರದ ತಿಮ್ಮಕ್ಕನಿಗೆ ಮಕ್ಕಳಿರಲಿಲ್ಲ. ಗಂಡ ಚಿಕ್ಕಯ್ಯನ ಜೊತೆ ಸಸಿ ನೆಟ್ಟು ನೀರು ಹೊತ್ತರು. 2019ರಲ್ಲಿ ಪದ್ಮಶ್ರೀ ಬಂತು. ಶಾಲೆಯ ಗೋಡೆಯ ಮೇಲೆ ಅವರ ಚಿತ್ರ ಬರೆಸಿದ್ದೇವೆ, ಪರಿಸರ ದಿನಕ್ಕೆ ಭಾಷಣ ಮಾಡುತ್ತೇವೆ. ಭಾಷಣ ಮುಗಿಸಿ ಬಂದು ಪಕ್ಕದ ಮನೆಯ ಹೆಣ್ಣುಮಗಳನ್ನು ‘ವಿಶೇಷ ಇಲ್ವಾ?’ ಅನ್ನುತ್ತೇವೆ. ಪದ್ಮಶ್ರೀ ಬಂದ ಮೇಲೆ ಮಾತ್ರ ಬಿಟ್ಟುಬಿಡುವ ಪ್ರಶ್ನೆ ಇದು ಅಂತಾದರೆ, ನಮ್ಮ ಊರಿನ ಉಳಿದ ಹೆಂಗಸರು ಎಲ್ಲಿಗೆ ಹೋಗಬೇಕು?

ಇದನ್ನು ಓದುತ್ತಿರುವ ಗಂಡಸರಿಗೆ ನಮ್ಮ ಕೊನೆಯ ಮಾತು. ಮುಂದಿನ ಮುಹೂರ್ತಕ್ಕೆ ನೀವಿಬ್ಬರೂ ಜೊತೆಯಲ್ಲೇ ಊಟಕ್ಕೆ ಕೂರುತ್ತೀರಿ. ಎದುರು ಸಾಲಿನಿಂದ ಆ ಪ್ರಶ್ನೆ ಬಂದೇ ಬರುತ್ತದೆ. ಉಪ್ಪಿನಕಾಯಿ ನೋಡಬೇಡಿ. ತಲೆ ಎತ್ತಿ, ‘ಅತ್ತೆ, ನನ್ನನ್ನು ಕೇಳಿ’ ಅನ್ನಿ.