ರಾಮರಾಯನನ್ನು ಎಲ್ಲಿ ಬರೆಯೋಣ ಸ್ವಾಮೀ?

ವಿಜಯನಗರದ ತುಳುವ ವಂಶದ ಬಗ್ಗೆ ಏಳೆಂಟು ವಾಕ್ಯ ಕೊಟ್ಟು "ಇದನ್ನು ತಲೆಮಾರು ತಿಳಿಯುವ ಹಾಗೆ ಪಟ್ಟಿ ಮಾಡ್ರಪ್ಪಾ" ಎಂದರೆ ನಮ್ಮ ಮಕ್ಕಳು ಏನು ಬರೆದುಕೊಂಡು ಬರುತ್ತಾರೆ? ವೀರನರಸಿಂಹ, ಕೃಷ್ಣದೇವರಾಯ, ಅಚ್ಯುತರಾಯ, ಸದಾಶಿವರಾಯ ಎಂದು ಒಂದರ ಕೆಳಗೊಂದು ಸಾಲಾಗಿ ಬರೆದು ಪಕ್ಕದಲ್ಲಿ ಅಂಕಿ ಹಾಕುತ್ತಾರೆ. ನಾವು ಟೀಚರುಗಳು ಅದಕ್ಕೆ ಟಿಕ್ ಹೊಡೆಯುತ್ತೇವೆ! ಅದು ಪಟ್ಟ ಏರಿದವರ ಸಾಲೇ ಹೊರತು ವಂಶಾವಳಿ ಅಲ್ಲ. ಅದನ್ನು ನೋಡಿದ ಮಗು ಅಚ್ಯುತರಾಯನನ್ನು ಕೃಷ್ಣದೇವರಾಯನ ಮಗ ಎಂದೇ ಓದುತ್ತದೆ. ನಿಜದಲ್ಲಿ ಅವನು ಬೇರೆ ತಾಯಿಯ ತಮ್ಮ. ತಪ್ಪು ಮಗುವಿನದಲ್ಲ, ಟಿಕ್ ಹೊಡೆದ ನಮ್ಮದು.

ಆ ವಾಕ್ಯಗಳನ್ನು ಇಲ್ಲೇ ಕೊಡುತ್ತೇವೆ. ಈಶ್ವರನ ಮಗ ನರಸನಾಯಕ. ನರಸನಾಯಕನ ಹೆಂಡತಿಯರು ತಿಪ್ಪಾಂಬೆ, ನಾಗಲಾಂಬೆ, ಓಬಾಂಬೆ. ಕೃಷ್ಣದೇವರಾಯ ನಾಗಲಾಂಬೆಯ ಮಗ. ವೀರನರಸಿಂಹ ತಿಪ್ಪಾಂಬೆಯ ಮಗ. ಸದಾಶಿವರಾಯನ ತಂದೆ ರಂಗ. ರಂಗ ಮತ್ತು ಅಚ್ಯುತರಾಯ ಓಬಾಂಬೆಯ ಮಕ್ಕಳು. ಅಚ್ಯುತರಾಯನ ಮಗ ವೆಂಕಟ. ರಾಮರಾಯ ಕೃಷ್ಣದೇವರಾಯನ ಅಳಿಯ.

ನೋಡಿ, ಸದಾಶಿವರಾಯನ ಹೆಸರು ಅವನ ತಂದೆಯ ಹೆಸರಿಗಿಂತ ಮೊದಲೇ ಬಂದಿದೆ. ವಾಕ್ಯ ಬಂದ ಕ್ರಮದಲ್ಲೇ ಬರೆಯುತ್ತ ಹೋದರೆ ಮಗನ ಕೆಳಗೆ ಅಪ್ಪ ಕೂರುತ್ತಾನೆ. ಆದ್ದರಿಂದ ಮೊದಲು ಪಟ್ಟಿ ಬರೆಯಬಾರದು. ಪ್ರತಿ ವಾಕ್ಯವನ್ನೂ ಒಡೆದು ಇವರ ಮಗು ಇವರು, ಇವರ ಜೋಡಿ ಇವರು ಎಂದು ರಫ್ ಪುಟದಲ್ಲಿ ಬರೆದುಕೊಳ್ಳಬೇಕು. ಆಮೇಲೆ ಯಾರಿಗೆ ತಂದೆ ತಾಯಿಯ ಹೆಸರು ಎಲ್ಲೂ ಬಂದಿಲ್ಲವೋ ಅವರನ್ನು ಹುಡುಕಬೇಕು. ಇಲ್ಲಿ ಈಶ್ವರ, ಮೂವರು ರಾಣಿಯರು, ರಾಮರಾಯ, ಹೀಗೆ ಐದು ಜನ ಸಿಗುತ್ತಾರೆ. ಮದುವೆಯ ಮೂಲಕ ಬಂದವರನ್ನು ತೆಗೆದರೆ ಉಳಿಯುವವನು ಈಶ್ವರ ಒಬ್ಬನೇ. ಅವನೇ ಎಡಗಡೆಯ ಅಂಚಿನವನು. ರಾಮರಾಯ ಮದುವೆಯ ಮೂಲಕ ಬಂದವನು ಎಂದು ಹೇಗೆ ಗೊತ್ತು ಎನ್ನುತ್ತೀರಾ? ಅದೇ ನಮ್ಮ ಜಗಳ. ಸ್ವಲ್ಪ ತಾಳಿ.

ಇನ್ನೊಂದು ನಿಯಮ ಇದೆ. ಒಂದು ಹೆಜ್ಜೆ ಒಳಕ್ಕೆ ಸರಿದರೆ ಒಂದು ತಲೆಮಾರು ಕೆಳಕ್ಕೆ, ಬೇರೆ ಯಾವ ಅರ್ಥವೂ ಅದಕ್ಕೆ ಇರಬಾರದು. ಎಷ್ಟೋ ಮಂದಿ ಟೀಚರುಗಳು ಗಂಡನ ಕೆಳಗೆ ಹೆಂಡತಿಯನ್ನು ಒಳಕ್ಕೆ ಸರಿಸಿ, ಅವಳ ಕೆಳಗೆ ಮಕ್ಕಳನ್ನು ಇನ್ನೂ ಒಳಕ್ಕೆ ಸರಿಸಿ ಬರೆಸುತ್ತಾರೆ. ಹಾಗೆ ಬರೆದರೆ ನಾಗಲಾಂಬೆ ನರಸನಾಯಕನ ಮಗಳಾಗುತ್ತಾಳೆ, ಕೃಷ್ಣದೇವರಾಯ ಮೊಮ್ಮಗನಾಗುತ್ತಾನೆ! ಹೆಂಡತಿ ಗಂಡನ ಅಂಚಿನಲ್ಲೇ ಇರಬೇಕು, ಮುಂದೆ ಒಂದು ಕೂಡಿಸುವ ಗುರುತು ಸಾಕು. ಮೂವರು ರಾಣಿಯರಿದ್ದರೆ ಮೂರು ಸಾಲು. ಅವರವರ ಮಕ್ಕಳು ಅವರವರ ಕೆಳಗೆ.

ಈಗ ಅಳಿಯನ ವಿಷಯ. ಕನ್ನಡದಲ್ಲಿ ಅಳಿಯ ಎಂದರೆ ಮಗಳ ಗಂಡನೂ ಹೌದು, ಅಕ್ಕತಂಗಿಯರ ಮಗನೂ ಹೌದು. ಎರಡನೆಯವನಿಗೆ ಸೋದರಳಿಯ ಎಂಬ ಮಾತು ಇದೆ ನಿಜ, ಆದರೆ ಮನೆಯಲ್ಲಿ ಯಾರು ಪೂರ್ತಿ ಹೇಳುತ್ತಾರೆ? ತೆಲುಗಿನವರೂ ಮೇನಲ್ಲುಡು ಎಂಬ ಮಾತಿದ್ದರೂ ಬಾಯಲ್ಲಿ ಅಲ್ಲುಡು ಎಂದೇ ಅನ್ನುತ್ತಾರೆ. ಸೋದರಳಿಯನಿಗೇ ಮಗಳನ್ನು ಕೊಡುವ ಸೀಮೆಯಲ್ಲಿ ಒಂದೇ ಮಾತು ಎರಡಕ್ಕೂ ನಡೆದುಕೊಂಡು ಬಂದಿದೆ. ಮಾತಿನಲ್ಲಿ ನಡೆಯುತ್ತದೆ, ಪಟ್ಟಿಯಲ್ಲಿ ನಡೆಯುವುದಿಲ್ಲ. ರಾಮರಾಯ ಸೋದರಳಿಯನಾದರೆ ಕೃಷ್ಣದೇವರಾಯನಿಗೆ ಒಬ್ಬ ಅಕ್ಕನೋ ತಂಗಿಯೋ ಬೇಕು, ಅವಳ ಕೆಳಗೆ ಅವನು ಬರಬೇಕು. ಮಗಳ ಗಂಡನಾದರೆ ಕೃಷ್ಣದೇವರಾಯನ ಕೆಳಗೆ ಒಬ್ಬ ಮಗಳು ಬೇಕು, ಅವಳ ಅಂಚಿನಲ್ಲಿ ಅವನು ಬರಬೇಕು. ವಾಕ್ಯದಲ್ಲಿ ಇವಳೂ ಇಲ್ಲ, ಅವಳೂ ಇಲ್ಲ!

ಇತಿಹಾಸ ಬಲ್ಲವರಿಗೆ ಉತ್ತರ ಗೊತ್ತು. ರಾಮರಾಯ ಅರವೀಡು ಮನೆತನದವನು, ಕೃಷ್ಣದೇವರಾಯನ ಮಗಳು ತಿರುಮಲಾಂಬೆಯ ಗಂಡ. ಆ ಮಗಳ ಹೆಸರನ್ನು ವಾಕ್ಯ ಬರೆದವರು ನುಂಗಿದ್ದಾರೆ. ಅವಳನ್ನು ತಂದು ಕೂರಿಸಿದರೆ ಪಟ್ಟಿ ಹೀಗಾಗುತ್ತದೆ:

```
ಈಶ್ವರ
    ನರಸನಾಯಕ
    + ತಿಪ್ಪಾಂಬೆ
        ವೀರನರಸಿಂಹ
    + ನಾಗಲಾಂಬೆ
        ಕೃಷ್ಣದೇವರಾಯ
            ತಿರುಮಲಾಂಬೆ
            + ರಾಮರಾಯ
    + ಓಬಾಂಬೆ
        ರಂಗ
            ಸದಾಶಿವರಾಯ
        ಅಚ್ಯುತರಾಯ
            ವೆಂಕಟ
```

ತಾಳೆ ನೋಡುವುದು ಸುಲಭ. ವಾಕ್ಯಗಳಲ್ಲಿ ಹನ್ನೆರಡು ಹೆಸರು, ತಿರುಮಲಾಂಬೆ ಸೇರಿ ಹದಿಮೂರು. ಪಟ್ಟಿಯಲ್ಲೂ ಹದಿಮೂರು ಸಾಲು. ಆಮೇಲೆ ಕೆಳಗಿನಿಂದ ಮೇಲಕ್ಕೆ ಓದಿ. ವೆಂಕಟನ ಸಾಲಿನಿಂದ ಮೇಲೆ ಹೋದರೆ ಒಂದು ಹೆಜ್ಜೆ ಎಡಕ್ಕೆ ಮೊದಲು ಸಿಗುವವನು ಅಚ್ಯುತರಾಯ, ಅಲ್ಲಿಂದ ಇನ್ನೊಂದು ಹೆಜ್ಜೆ ಎಡಕ್ಕೆ ಓಬಾಂಬೆ, ಅವಳ ಅಂಚಿನಲ್ಲೇ ಮೇಲೆ ನರಸನಾಯಕ. ವಾಕ್ಯಕ್ಕೆ ಸರಿಹೊಂದಿತು. ಸದಾಶಿವರಾಯ, ತಿರುಮಲಾಂಬೆ, ವೆಂಕಟ ಒಂದೇ ಅಂಚಿನಲ್ಲಿ ಇರುವುದನ್ನೂ ನೋಡಿ. ರಾಮರಾಯನ ಕೈಯಲ್ಲಿ ರಾಜ್ಯಭಾರ, ಸದಾಶಿವರಾಯನ ತಲೆಯ ಮೇಲೆ ಕಿರೀಟ ಎಂಬ 1542ರ ನಂತರದ ಕಥೆ ಮಕ್ಕಳಿಗೆ ಆಗ ಅರ್ಥವಾಗುತ್ತದೆ. ಕೃಷ್ಣದೇವರಾಯನಿಗೆ ಅರಸ ತಮ್ಮನ ಮಗ, ಆಳುವವನು ಮಗಳ ಗಂಡ. 1565ರ ಯುದ್ಧದಲ್ಲಿ ರಾಮರಾಯ ಸತ್ತ, ಮೂರು ವರ್ಷಕ್ಕೆ ನಮ್ಮ ಆದವಾನಿ ಕೋಟೆ ಬಿಜಾಪುರದವರ ಪಾಲಾಯಿತು. ದಿನಾ ಆ ಗುಡ್ಡ ನೋಡುವ ಮಕ್ಕಳಿಗೆ ಆ ಮನುಷ್ಯನಿಗೆ ವಂಶದಲ್ಲಿ ಜಾಗ ಎಲ್ಲಿ ಎಂದು ತೋರಿಸದಿದ್ದರೆ ಹೇಗೆ?

"ಹೆಣ್ಣುಮಕ್ಕಳನ್ನು ಸೇರಿಸಿದರೆ ಪಟ್ಟಿ ಉದ್ದವಾಗುತ್ತೆ ಸಾರ್, ಗಂಡುಮಕ್ಕಳನ್ನು ಬರೆದರೆ ಸಾಲದೇ" ಎನ್ನುವ ಮಿತ್ರರಿಗೆ ನಮ್ಮ ಉತ್ತರ ಇಷ್ಟೇ. ಮಗಳನ್ನು ಬಿಟ್ಟ ಪಟ್ಟಿಯಲ್ಲಿ ರಾಮರಾಯನಿಗೆ ಜಾಗವೇ ಇಲ್ಲ. ಇದು ಅರಸರ ಮಾತು ಮಾತ್ರ ಎಂದುಕೊಳ್ಳಬೇಡಿ. ಮಕ್ಕಳಿಗೆ ತಮ್ಮ ಮನೆಯದೇ ಪಟ್ಟಿ ಬರೆಯಲು ಹೇಳಿ ನೋಡಿ. ಅಜ್ಜ, ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ, ತಾನು. ಅತ್ತೆ ಎಲ್ಲಮ್ಮಾ ಎಂದರೆ "ಅವರು ಬೇರೆ ಊರಿಗೆ ಹೋದ್ರು ಸಾರ್". ಬರೆಯುವವಳು ಹುಡುಗಿಯಾಗಿದ್ದರೂ ಇದೇ ಉತ್ತರ! ಆಂಧ್ರದಲ್ಲಿ 1985ರಿಂದ ಮದುವೆಯಾಗದ ಹೆಣ್ಣುಮಕ್ಕಳಿಗೆ, 2005ರಿಂದ ದೇಶದಾದ್ಯಂತ ಮದುವೆಯಾದವರಿಗೂ ಸೇರಿ, ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು ಇದೆ. ಹೊಲ ಭಾಗವಾಗುವಾಗ ವಾರಸುದಾರರು ಯಾರು ಯಾರು ಎಂದು ಬರೆಯುವ ಕಾಗದವೂ ಇಂಥದ್ದೇ ಪಟ್ಟಿ. ಶಾಲೆಯಲ್ಲಿ ಅತ್ತೆಯನ್ನು ಬಿಟ್ಟು ಬರೆದು ಹತ್ತಕ್ಕೆ ಹತ್ತು ತೆಗೆದುಕೊಂಡ ಕೈ ಅಲ್ಲೂ ಹಾಗೇ ಬರೆಯುತ್ತದೆ.

ಈ ಪಟ್ಟಿಗೂ ಒಂದು ಮಿತಿ ಇದೆ, ಮುಚ್ಚಿಡುವುದಿಲ್ಲ. ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವುದು ಉಂಟು. ಆ ಹುಡುಗಿ ಅಜ್ಜನಿಗೆ ಮೊಮ್ಮಗಳು, ಅಂದರೆ ಮೂರನೇ ಅಂಚು. ಗಂಡನ ಜೊತೆ ಬರೆದರೆ ಎರಡನೇ ಅಂಚು. ಅವಳ ಮಗು ಅಪ್ಪನ ಕಡೆಯಿಂದ ಮೂರನೇ ತಲೆಮಾರು, ಅಮ್ಮನ ಕಡೆಯಿಂದ ನಾಲ್ಕನೆಯದು. ಎರಡನ್ನೂ ಒಂದೇ ಅಂಚಿನಲ್ಲಿ ತೋರಿಸಲು ಆಗುವುದಿಲ್ಲ. ಹಾಗೆಂದು ಅವಳನ್ನು ಎರಡು ಬೇರೆ ಮನುಷ್ಯರ ಹಾಗೆ ಬರೆಯಬಾರದು, ಎಣಿಕೆಯಲ್ಲಿ ಒಬ್ಬರು ಜಾಸ್ತಿಯಾಗುತ್ತಾರೆ. ನಾವು ಮಾಡಿಸುವುದು ಹೀಗೆ: ಹುಟ್ಟಿದ ಕಡೆ ಅವಳ ಹೆಸರು ಬರೆದು ಒಂದು ನಕ್ಷತ್ರ ಹಾಕುತ್ತೇವೆ. ಗಂಡನ ಅಂಚಿನಲ್ಲಿ ಕೂಡಿಸುವ ಗುರುತಿನ ಮುಂದೆ ಅದೇ ಹೆಸರು, ಅದೇ ನಕ್ಷತ್ರ. ಮಕ್ಕಳನ್ನು ಅಲ್ಲಿ ಒಂದೇ ಕಡೆ ಬರೆಯುತ್ತೇವೆ. ಎಣಿಸುವಾಗ ನಕ್ಷತ್ರದ ಹೆಸರು ಒಂದೇ ಸಲ.

ಹೋದ ವಾರ ಹೀಗೆ ಬರೆದ ಒಬ್ಬ ಹುಡುಗ "ಸಾರ್, ನಮ್ಮಮ್ಮಂದು ಎರಡು ಕಡೆ ಬಂತು, ನಮ್ಮಪ್ಪಂದು ಒಂದೇ ಕಡೆ" ಎಂದು ನಗುತ್ತ ತೋರಿಸಿದ.